ಜೇಡನ ಸಂಜೆಯ ನೇಯ್ಗೆ

ನಮ್ಮ ತೋಟಗಳಲ್ಲಿ ಸಂಜೆಗೆ ಗಾಲಿಯಾಕಾರದ ಬಲೆಯನ್ನು ಕಟ್ಟುವ ಜೇಡಗಳುಂಟು. ಶಾಸ್ತ್ರಜ್ಞರು ನಿಯೋಸ್ಕೋನಾ ಎಂದು ಕರೆಯುವ ಕುಲದ ಅನೇಕ ಜೇಡಗಳು ಈ ಬಗೆಯವು. ಹಗಲೆಲ್ಲ ಮಡಿಚಿದ ಎಲೆಯ ಮರೆಯಲ್ಲಿದ್ದು, ದೀಪ ಹಚ್ಚುವ ವೇಳೆಗೆ ಹೊರಬಂದು ಹೊಸ ಬಲೆಯನ್ನು ನೇಯುವುವು. ನಿನ್ನೆಯ ಬಲೆ ಏನಾಯಿತೆಂದು ಕೇಳಿದರೆ, ಜೇಡವೇ ಅದನ್ನು ತಿಂದುಬಿಟ್ಟಿತೆಂಬುದೇ ಉತ್ತರ!

ಇದಕ್ಕೆ ಕಾರಣವು ಬಲೆಯ ಅಂಟಿನಲ್ಲಿದೆ. ಗಾಲಿಯ ಅರಗಳಂತಿರುವ ಎಳೆಗಳಿಗೆ ಅಂಟಿಲ್ಲ; ಅವುಗಳ ಮೇಲೆ ಸುತ್ತುಸುತ್ತಾಗಿ ಹಾಯುವ ಎಳೆಯಲ್ಲಿ ಮಾತ್ರ ಸಣ್ಣ ಸಣ್ಣ ಅಂಟಿನ ಹನಿಗಳು ಮಣಿಸರದಂತೆ ಇರುತ್ತವೆ. ಈ ಹನಿಗಳು ಗಾಳಿಯ ತೇವವನ್ನು ಹೀರಿಕೊಂಡು ಹಸಿಯಾಗಿರುತ್ತವೆ. ಆದರೆ ಧೂಳೂ ಹೂವಿನ ಪರಾಗವೂ ಅವುಗಳ ಮೇಲೆ ಕುಳಿತರೆ ಹಿಡಿತವು ಕುಗ್ಗುವುದು. ಸಿಕ್ಕಿಬಿದ್ದ ಹುಳುಗಳ ಒದ್ದಾಟದಿಂದ ಎಳೆಗಳೂ ಹರಿಯುವುವು. ಹಳೆಯದನ್ನು ತೇಪೆಹಾಕುವುದಕ್ಕಿಂತ ಹೊಸದನ್ನು ನೇಯುವುದೇ ಜೇಡನಿಗೆ ಲಾಭ. ಏಕೆಂದರೆ ನುಂಗಿದ ನೂಲು ವ್ಯರ್ಥವಾಗುವುದಿಲ್ಲ. 1971ರಲ್ಲಿ ಪೀಕಾಲ್ ಎಂಬ ವಿದ್ವಾಂಸರು ವಿಕಿರಣದ ಗುರುತು ಹಾಕಿದ ನೂಲನ್ನು ಯೂರೋಪಿನ ತೋಟದ ಜೇಡಕ್ಕೆ ತಿನ್ನಗೊಟ್ಟು ನೋಡಲಾಗಿ, ಅದರ ಬಹುಭಾಗವು ಅರ್ಧ ಗಂಟೆಯೊಳಗೇ ಹೊಸ ಬಲೆಯಲ್ಲಿ ಕಾಣಿಸಿಕೊಂಡಿತು.

ಇನ್ನು ಎಳೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಅದು ಹೇಗೆ ತಿಳಿಯುವುದು? ಎಂಟು ಕಣ್ಣುಗಳಿದ್ದರೂ ಈ ಜೇಡನ ದೃಷ್ಟಿ ಮಂದ. ಎದುರಿನ ಕೊಂಬೆಯನ್ನು ಕಂಡು ಗುರಿಯಿಡಲಾರದು. ಕಾಲುಗಳಿಂದಲೇ ಎಲ್ಲವನ್ನೂ ಅರಿಯಬೇಕು. ಜಗಲಿಯ ಕಂಬಕ್ಕೂ ಎದುರಿನ ದಾಸವಾಳದ ಗಿಡಕ್ಕೂ ನಡುವೆ ಅದು ಬಲೆಯನ್ನು ಕಟ್ಟುವುದೆನ್ನೋಣ. ಮೊದಲು ಕಂಬದ ಮೇಲೆ ನಿಂತು, ಉದರವನ್ನೆತ್ತಿ, ಸೂಕ್ಷ್ಮವಾದೊಂದು ಎಳೆಯನ್ನು ಗಾಳಿಗೆ ತೇಲಿಬಿಡುವುದು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಕಾಲಿನಿಂದ ಜಗ್ಗುವುದು. ಎಳೆ ಸಡಿಲವಾಗಿ ಬಂದರೆ ಎಲ್ಲಿಯೂ ತಗುಲಿಲ್ಲವೆಂದರ್ಥ. ಅದನ್ನು ಸುರುಳಿಸುತ್ತಿ ತಿಂದು ಇನ್ನೊಮ್ಮೆ ಬಿಡುವುದು. ಬಿಗಿಯಾಗಿ ನಿಂತರೆ ತನ್ನ ಕಡೆಯ ತುದಿಯನ್ನು ಕಂಬಕ್ಕೆ ಅಂಟಿಸಿ ಅದರ ಮೇಲೆ ದಾಟುವುದು. ಗಾಳಿಯೇ ಇಲ್ಲದ ಸಂಜೆ ಈ ಉಪಾಯವು ನಡೆಯದು. ಆಗ ನೂಲನ್ನು ಹಿಂದೆ ಬಿಡುತ್ತ ನೆಲದ ಮೇಲಾದರೂ ಸುತ್ತಿಬರಬೇಕು.

ದಾಟುವಾಗ ಮೊದಲಿನ ಎಳೆಯನ್ನು ನುಂಗುತ್ತ ಅದರ ಬದಲು ಬೇರೊಂದನ್ನು ಸಡಿಲವಾಗಿ ಬಿಡುವುದು. ಬಳಿಕ ಅದರ ನಡುವಿನಿಂದ ಇನ್ನೊಂದು ಎಳೆಯಲ್ಲಿ ಕೆಳಗಿಳಿದು, ಅದನ್ನು ಬಿಗಿದು ಕಟ್ಟುವುದು. ಆಗ ಮೂರು ಕವಲುಗಳು ಕೂಡಿದ ಸ್ಥಳವೇ ಬಲೆಯ ನಡುವಾಗುವುದು. ಪ್ರತಿ ತುದಿಯನ್ನೂ ಬರಿಯ ಗಂಟಿನಿಂದಲ್ಲ, ಅಂಟಿನಲ್ಲಿ ಅದ್ದಿದ ನೂರಾರು ನವುರಾದ ಎಳೆಗಳ ಬಿಲ್ಲೆಯಿಂದ ಕಂಬಕ್ಕೂ ತೊಗಟೆಗೂ ಹತ್ತಿಸುವುದು. ಕೆಳಗಣ ಆಧಾರವು ಓಲಾಡುವ ಹುಲ್ಲುಕಡ್ಡಿಯಾದರೆ ಎಳೆಯ ಬಿಗುವು ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವುದು. ಅನೇಕ ಸಲ ಜೇಡ ಅದನ್ನು ಕಡಿದು ಬೇರೆಡೆಗೆ ಹೋಗುವುದು.

ಇಷ್ಟು ಶ್ರಮದಿಂದ ದೊರೆತ ಆಧಾರದೆಳೆಗಳನ್ನು ಮಾತ್ರ ಅದು ಪ್ರತಿದಿನವೂ ತಿನ್ನುವುದಿಲ್ಲ. ಬೆಳಗಿನಲ್ಲಿ ನಾವು ಜಗಲಿಯಲ್ಲಿ ಮುಖಕ್ಕೆ ತಗುಲಿದ ಒಂಟಿ ಎಳೆಯನ್ನು ಬೇಸರದಿಂದ ಒರಸಿಕೊಳ್ಳುತ್ತೇವಷ್ಟೆ. ಅದು ಹಲವು ವೇಳೆ ಆ ಸಂಜೆಯ ಬಲೆಗಾಗಿ ಉಳಿಸಿದ್ದ ಮೇಲಣ ಎಳೆಯೇ.