ಶಿಕ್ಷಕರ ಕೊಠಡಿಯಲ್ಲಿ ಒಂದು ಗಂಟೆಯ ಸಿಪಿಆರ್ ಪಾಠ

ಹೃದಯ ನಿಂತವರ ಎದೆಯನ್ನು ಒತ್ತಿ ಮಿದುಳಿಗೆ ರಕ್ತ ಹರಿಯುವಂತೆ ಮಾಡುವ ತುರ್ತು ಕ್ರಮವೇ ಸಿಪಿಆರ್. ವಯಸ್ಕರಿಗೆ ಅದನ್ನು ಮಾಡುವ ಬಗೆಯನ್ನು ಶಾಲಾ ಶಿಕ್ಷಕರಿಗೆ ಕಲಿಸಲು ಒಂದು ಗಂಟೆ ಸಾಕು. ಆದರೆ ಆ ಗಂಟೆಯನ್ನು ಹೇಗೆ ಹಂಚಲಾಗುತ್ತದೆ ಎಂಬುದರ ಮೇಲೆ ಫಲ ನಿಂತಿದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಶಾಲೆಗಳಲ್ಲಿ ಇಂಥ ತರಬೇತಿ ನಡೆಸಿದ ಅನುಭವ ಹೇಳುವುದೇನೆಂದರೆ, ಹೃದಯದ ಚಿತ್ರ ಬರೆದು ವಿವರಿಸುವ ಭಾಗಕ್ಕೆ ಹತ್ತು ನಿಮಿಷ ಮೀರಿ ಕೊಡಬಾರದು, ಉಳಿದದ್ದೆಲ್ಲ ಬೆಂಚುಗಳನ್ನು ಬದಿಗೆ ಸರಿಸಿ, ನೆಲದ ಮೇಲೆ ಗೊಂಬೆಯ ಪಕ್ಕದಲ್ಲಿ ಮಂಡಿಯೂರಿ ಕಳೆಯಬೇಕಾದ ಸಮಯ.

ಆ ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಬೇಕಾದದ್ದು ಒಂದೇ ಸಂಗತಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದ ನಂತರ ಹೃದಯಾಘಾತದ ಮಾತು ಮನೆಮನೆಯಲ್ಲೂ ಬಂದಿತಾದರೂ, ಹೃದಯಾಘಾತವೂ ಹೃದಯ ಸ್ತಂಭನವೂ ಒಂದೇ ಎಂಬ ಭಾವನೆ ಉಳಿದೇ ಇದೆ. ರಕ್ತನಾಳ ಕಟ್ಟಿಕೊಂಡು ಎದೆ ನೋಯುವುದು ಹೃದಯಾಘಾತ. ಆಗ ವ್ಯಕ್ತಿ ಸಾಮಾನ್ಯವಾಗಿ ಎಚ್ಚರವಾಗಿರುವುದರಿಂದ ಎದೆ ಒತ್ತುವ ಪ್ರಶ್ನೆಯಿಲ್ಲ, ಆಸ್ಪತ್ರೆಗೆ ಸೇರಿಸುವುದೇ ಕೆಲಸ. ಹೃದಯದ ಬಡಿತವೇ ನಿಂತು, ಅಥವಾ ರಕ್ತವನ್ನು ನೂಕಲಾರದಷ್ಟು ಅಸ್ತವ್ಯಸ್ತವಾಗಿ, ವ್ಯಕ್ತಿ ಪ್ರಜ್ಞೆ ತಪ್ಪುವುದು ಹೃದಯ ಸ್ತಂಭನ. ಸಿಪಿಆರ್ ಬೇಕಾದದ್ದು ಇಲ್ಲಿ.

ಮುಂದಿನ ಹದಿನೈದು ನಿಮಿಷ ಗುರುತಿಸುವ ಅಭ್ಯಾಸಕ್ಕೆ. ಸುತ್ತ ಅಪಾಯವಿಲ್ಲವೆಂದು ನೋಡಿ, ಭುಜ ತಟ್ಟಿ, ಜೋರಾಗಿ ಕರೆದು, ಪ್ರತಿಕ್ರಿಯೆ ಇಲ್ಲದಿದ್ದರೆ ಸಹಾಯಕ್ಕೆ ಕೂಗಬೇಕು. ಹತ್ತು ಸೆಕೆಂಡು ಮೀರದಂತೆ ಎದೆಯ ಏರಿಳಿತವನ್ನು ಗಮನಿಸಬೇಕು. ನಾಡಿ ಹುಡುಕುವುದನ್ನು ಶಿಕ್ಷಕರಿಗೆ ಕಲಿಸುವುದೇ ಬೇಡ, ಏಕೆಂದರೆ ಗಾಬರಿಯಲ್ಲಿ ತಮ್ಮದೇ ಬೆರಳಿನ ಮಿಡಿತ ರೋಗಿಯದೆಂದು ತೋರುತ್ತದೆ. ಹೆಚ್ಚಿನವರು ಎಡವುವುದು ಉಸಿರಿನ ವಿಷಯದಲ್ಲಿ: ಹೃದಯ ನಿಂತ ಮೊದಲ ಕೆಲವು ನಿಮಿಷ ಬಾಯಿ ತೆರೆದು, ಬಿಟ್ಟು ಬಿಟ್ಟು, ಗೊರಕೆಯಂತೆ ಎಳೆಯುವ ಉಸಿರು ಕಾಣಿಸಬಹುದು, ಅದನ್ನು ಕಂಡು ‘ಉಸಿರಾಡುತ್ತಿದ್ದಾರೆ’ ಎಂದು ನೀರು ಚಿಮುಕಿಸುತ್ತ ಕೂರುವುದುಂಟು. ಅದು ಉಸಿರಾಟವಲ್ಲವೆಂದು ಎಣಿಸಿ ಕೂಡಲೇ ಒತ್ತಲು ತೊಡಗಬೇಕು. ತರಬೇತುದಾರ ಆ ಸದ್ದನ್ನು ತಾನೇ ಮಾಡಿ ತೋರಿಸುವುದು ಯಾವ ಚಿತ್ರಕ್ಕಿಂತಲೂ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ನಂತರದ ಇಪ್ಪತ್ತೈದು ನಿಮಿಷ ಒತ್ತುವುದಕ್ಕೆ ಮೀಸಲು. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಭುಜವನ್ನು ಕೈಗಳ ನೇರಕ್ಕೆ ತಂದು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲವಾದರೆ ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ. ಮೂವತ್ತರವರೆಗೆ ಎಣಿಸಲು ಹೇಳಿದರೆ ಹನ್ನೊಂದು, ಹನ್ನೆರಡು ಬರುವಾಗ ಪದಗಳು ಉದ್ದವಾಗಿ ವೇಗ ಕುಗ್ಗುತ್ತದೆ, ಆದ್ದರಿಂದ ಒಂದರಿಂದ ಹತ್ತನ್ನು ಮೂರು ಸಲ ಎಣಿಸುವುದು ಮೇಲು. ಎರಡನೆಯ ನಿಮಿಷದ ಹೊತ್ತಿಗೆ ಗೊಂಬೆಯ ‘ಟಕ್’ ಸದ್ದು ಕ್ಷೀಣಿಸುತ್ತದೆ, ಒತ್ತುವವರಿಗೆ ಮಾತ್ರ ದಣಿದದ್ದು ಅರಿವಾಗಿರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಬೇಕೆಂಬ ನಿಯಮದ ಕಾರಣ ಆಗ ತಾನಾಗಿ ತಿಳಿಯುತ್ತದೆ. ಪಕ್ಕೆಲುಬು ಮುರಿದ ಸದ್ದು ಕೇಳಿದರೂ ನಿಲ್ಲಿಸಬಾರದು ಎಂಬುದನ್ನು ಮೊದಲೇ ಹೇಳಿರಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದವರು ಬರೀ ಎದೆ ಒತ್ತಿದರೆ ಸಾಕು. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಕೊನೆಯ ಹತ್ತು ನಿಮಿಷ ಒಂದು ಅಣಕು ಪ್ರಸಂಗ. ಹಲಸೂರಿನ ಸಂದಿಯೊಂದರ ಶಾಲೆಯ ಎರಡನೆಯ ಮಹಡಿಯಲ್ಲಿ ಗಣಿತದ ಮೇಷ್ಟ್ರು ಕುಸಿದಿದ್ದಾರೆ ಎಂದಿಟ್ಟುಕೊಳ್ಳಲಾಗುತ್ತದೆ. ಮೊದಲು ನೋಡಿದ ಮೇಡಂ ಎದೆ ಒತ್ತಲು ತೊಡಗುತ್ತಾರೆ. ಎರಡನೆಯವರು 108ಕ್ಕೆ ಕರೆಮಾಡಿ ಸ್ಪೀಕರ್ ಹಾಕಿ, ಶಾಲೆಯ ಹೆಸರಿನ ಜೊತೆಗೆ ಗಾಡಿ ನುಗ್ಗಬಹುದಾದ ರಸ್ತೆಯನ್ನೂ ಹತ್ತಿರದ ಗುರುತನ್ನೂ ಹೇಳುತ್ತಾರೆ. ಮೂರನೆಯವರು ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ಯುತ್ತಾರೆ. ಆಯಾ ಗೇಟು ತೆರೆಸಿ ರಸ್ತೆಯ ತುದಿಯಲ್ಲಿ ನಿಲ್ಲುತ್ತಾರೆ. ಎಇಡಿ, ಅಂದರೆ ಹೃದಯದ ಲಯವನ್ನು ತಾನೇ ಪರೀಕ್ಷಿಸಿ ಅಗತ್ಯವಿದ್ದರೆ ವಿದ್ಯುದಾಘಾತ ಕೊಡುವ ಪೆಟ್ಟಿಗೆ, ಹತ್ತಿರದಲ್ಲಿದ್ದರೆ ಅದನ್ನು ತಂದು ಅದರ ಧ್ವನಿ ಹೇಳಿದಂತೆ ನಡೆಯಬೇಕು. ಈ ಆಟದಲ್ಲಿ ಹೆಚ್ಚು ಹೊತ್ತು ಹಾಳಾಗುವುದು ಹೆಡ್‌ಮಾಸ್ಟರ ಅನುಮತಿಗೆ ಕಾಯುವುದರಲ್ಲಿ. ಹಳೆ ಮದ್ರಾಸ್ ರಸ್ತೆಯ ಸಂಚಾರ ದಾಟಿ ಆಂಬುಲೆನ್ಸ್ ಬರುವಷ್ಟರಲ್ಲಿ, ಒತ್ತುವವರಿಲ್ಲದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ ಎಂಬುದನ್ನು ಆಗ ಮುಖ್ಯೋಪಾಧ್ಯಾಯರ ಎದುರಿಗೇ ಹೇಳಬೇಕು.

ಈ ಗಂಟೆಗೆ ಮಿತಿಯಿದೆ. ಮಕ್ಕಳಿಗೂ ನೀರಿನಲ್ಲಿ ಮುಳುಗಿದವರಿಗೂ ಉಸಿರು ಕೊಡುವುದು ಅಗತ್ಯವಾದ್ದರಿಂದ ಅದಕ್ಕೆ ಬೇರೆಯೇ ಪಾಠ ಬೇಕು. ಕಲಿತ ಕೈಚಳಕವೂ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಹಾಗಾಗಿ ಜೂನ್‌ನಲ್ಲಿ ತರಬೇತಿ ಪಡೆದ ಶಾಲೆಗಳು ದಸರಾ ರಜೆ ಮುಗಿದ ವಾರ ಗೊಂಬೆಯನ್ನು ಮತ್ತೆ ತರಿಸಿ, ಪ್ರತಿ ಶಿಕ್ಷಕರಿಗೂ ಎರಡೆರಡು ನಿಮಿಷ ಒತ್ತಲು ಅವಕಾಶ ಮಾಡಿಕೊಡಲಿ.