‘ತೃಪ್ತಿಯಾಗುವಂತೆ’ ಎಂದು ಬರೆಯಬೇಡಿ: ಗ್ರಾಫಿಕ್ಸ್ ಒಪ್ಪಂದ ಹೀಗಿರಲಿ

ಗಾಂಧಿನಗರದ ಸಿನಿಮಾ ಕಚೇರಿಗಳಿಂದ ಗ್ರಾಫಿಕ್ಸ್ ಸ್ಟುಡಿಯೊಗಳಿಗೆ ಹೋಗುವ ಕೆಲಸದ ಪತ್ರ ಎಷ್ಟೋ ಸಲ ಎರಡೇ ಸಾಲಿನದು: ‘ಚಿತ್ರಕ್ಕೆ ಬೇಕಾದ ಎಲ್ಲ ಗ್ರಾಫಿಕ್ಸ್ ನಿರ್ದೇಶಕರಿಗೆ ತೃಪ್ತಿಯಾಗುವಂತೆ ಮಾಡಿಕೊಡತಕ್ಕದ್ದು. ಅರ್ಧ ಹಣ ಮುಂಗಡ, ಉಳಿದದ್ದು ಬಿಡುಗಡೆಗೆ ಮುಂಚೆ.’ ಜಗಳದ ಬೇರು ಇಲ್ಲೇ ಇದೆ. 60 ಶಾಟ್, 6 ಲಕ್ಷ ರೂಪಾಯಿಯ ಕೆಲಸ ಎಂದಿಟ್ಟುಕೊಂಡು ಇದನ್ನು ತಿದ್ದೋಣ.

ಮೊದಲು ‘ಎಲ್ಲ’ ಎಂಬುದನ್ನು ಹೊಡೆದುಹಾಕಿ. ಎಡಿಟಿಂಗ್ ಲಾಕ್ ಆದ ಮೇಲೆ ಶಾಟ್ ಪಟ್ಟಿ ಮಾಡಿ ಪತ್ರಕ್ಕೆ ಲಗತ್ತಿಸಿ. ‘ಶಾಟ್ 14, 96 ಫ್ರೇಮ್, ಫೈಟರ್‌ನ ರೋಪ್ ಅಳಿಸುವುದು’ ಎಂಬಷ್ಟು ವಿವರ ಪ್ರತಿ ಶಾಟ್‌ಗೂ ಇರಲಿ. ಫೈಲ್ ಯಾವ ರೂಪದಲ್ಲಿ ಬೇಕೆಂಬುದನ್ನೂ ಬರೆಯಿರಿ: 2048 × 858 ಅಳತೆ, ಸೆಕೆಂಡಿಗೆ 24 ಫ್ರೇಮ್, ಇಎಕ್ಸ್‌ಆರ್ ಫೈಲ್, ಹಾರ್ಡ್‌ಡಿಸ್ಕ್‌ನಲ್ಲಿ. ಮೂಲ ದೃಶ್ಯಗಳನ್ನು ನಿರ್ಮಾಪಕರು ಯಾವ ದಿನ ಕೊಡುತ್ತಾರೆ ಎಂಬುದೂ ಅಲ್ಲಿರಬೇಕು. ಅವರು ತಡ ಮಾಡಿದಷ್ಟು ದಿನ ಸ್ಟುಡಿಯೊದ ಗಡುವೂ ಮುಂದೆ ಹೋಗುತ್ತದೆ.

ಇನ್ನು ‘ತೃಪ್ತಿ’. ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಈ ಒಂದು ಪದದಿಂದ ಹುಟ್ಟಿದವು. ನಿರ್ದೇಶಕರು ಒಪ್ಪಿದ್ದನ್ನು ನಿರ್ಮಾಪಕರು ಒಪ್ಪುವುದಿಲ್ಲ. ಇಬ್ಬರೂ ಒಪ್ಪಿದ ಮೇಲೆ ನಾಯಕನಟರ ಕಡೆಯವರು ‘ಇನ್ನೂ ರಿಚ್ ಆಗಿರಬೇಕು’ ಎನ್ನುತ್ತಾರೆ. ಆದ್ದರಿಂದ ಒಪ್ಪುವವರು ಒಬ್ಬರೇ ಇರಲಿ, ಅವರ ಹೆಸರು ಪತ್ರದಲ್ಲಿರಲಿ. ನೋಡುವುದು ಮೊಬೈಲಿನಲ್ಲಲ್ಲ, ಡಿಐ ಥಿಯೇಟರಿನ ಪರದೆಯ ಮೇಲೆ. ರೋಪ್, ಅದರ ನೆರಳು, ಅಳಿಸಿದ ಅಂಚಿನ ನಡುಕ ಕಾಣದಿದ್ದರೆ ಶಾಟ್ 14 ಪಾಸ್ ಎಂದು ಸ್ಪಷ್ಟವಾಗಿ ಬರೆಯಿರಿ. ಶಾಟ್ ಕೈಸೇರಿದ 7 ದಿನದೊಳಗೆ ತಿದ್ದುಪಡಿಯನ್ನು ಶಾಟ್ ಸಂಖ್ಯೆಯೊಂದಿಗೆ ಇಮೇಲ್‌ನಲ್ಲೇ ಕೊಡಬೇಕು, ಕೊಡದಿದ್ದರೆ ಒಪ್ಪಿದಂತೆ. ಎರಡು ಸುತ್ತಿನ ತಿದ್ದುಪಡಿ ದರದಲ್ಲೇ ಸೇರಿರಲಿ. ಉಳಿದುಹೋದ ರೋಪ್ ಅಳಿಸುವುದು ತಿದ್ದುಪಡಿ. ಹಿನ್ನೆಲೆಗೆ ಹೊಸದಾಗಿ ಬೆಟ್ಟ ಸೇರಿಸುವುದು ಹೊಸ ಕೆಲಸ, ಅದಕ್ಕೆ ಬೇರೆ ದರ. ಈ ಗೆರೆಯನ್ನು ಸಹಿಗೆ ಮುಂಚೆಯೇ ಎಳೆಯಬೇಕು. ಅಂದಹಾಗೆ, ಸ್ಟುಡಿಯೊ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಕೆಲಸ ಒಪ್ಪಿದಂತೆಯೇ ಲೆಕ್ಕ. ಆಗ ಕೆಲಸ ಕೈಸೇರಿದ ದಿನದಿಂದ 45 ದಿನ ಮೀರಿ ಹಣ ಉಳಿಸಿಕೊಳ್ಳುವಂತೆ ಒಪ್ಪಂದ ಬರೆಯುವಂತಿಲ್ಲ.

ಹಣದ ಕಂತನ್ನು ಬಿಡುಗಡೆಗೆ ಕಟ್ಟಬೇಡಿ. ಬಿಡುಗಡೆಯ ದಿನ ಥಿಯೇಟರ್, ಸೆನ್ಸಾರ್, ಫೈನಾನ್ಸ್ ಎಲ್ಲವನ್ನೂ ಅವಲಂಬಿಸಿರುತ್ತದೆ, ಸ್ಟುಡಿಯೊದ ಕೈಯಲ್ಲಿರುವುದಿಲ್ಲ. ಸಹಿಯಾದಾಗ 1.2 ಲಕ್ಷ, ಮೊದಲ 30 ಶಾಟ್ ಪಾಸಾದಾಗ 1.8 ಲಕ್ಷ, ಉಳಿದ 30 ಪಾಸಾದಾಗ 2.4 ಲಕ್ಷ, ಅಂತಿಮ ಹಾರ್ಡ್‌ಡಿಸ್ಕ್ ಕೈಸೇರಿದಾಗ 60 ಸಾವಿರ. ಪ್ರತಿ ಕಂತೂ ಬಿಲ್ ಕೊಟ್ಟ ಎಷ್ಟು ದಿನಕ್ಕೆ ಎಂದು ನಮೂದಿಸಿ. ಜಿಎಸ್‌ಟಿ ಈ ಮೊತ್ತದಲ್ಲಿ ಸೇರಿದೆಯೋ ಪ್ರತ್ಯೇಕವೋ ಎಂಬುದನ್ನು ಸಹಿಗೆ ಮುಂಚೆ ಬರೆಸಿಕೊಳ್ಳಿ.