ಆರು ಬೋಲ್ಟು, ಮೂರು ಪಟ್ಟಿ: ಮೋಟರ್ ಡಬ್ಬಿಯೊಳಗೆ ಸ್ಟಾರ್, ಡೆಲ್ಟಾ ಮತ್ತು ಉಲ್ಟಾ ತಿರುಗು

ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಸಿಂಧನೂರು ಸುತ್ತ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಒಂದು ಗಿರಣಿಯೊಳಗೆ ಹೋಗಿ ಎಣಿಸಿದರೆ ಎಲಿವೇಟರ್‌ಗೊಂದು, ಬ್ಲೋವರ್‌ಗೊಂದು, ಪಾಲಿಶರ್‌ಗೊಂದು ಅಂತ ಹತ್ತಾರು ತ್ರೀ ಫೇಸ್ ಮೋಟರ್ ಸಿಗುತ್ತವೆ. ಕ್ಲಾಸಿನಲ್ಲಿ ನಾವು ಸ್ಟಾರ್, ಡೆಲ್ಟಾ ಎರಡರದ್ದೂ ಫೇಸರ್ ಚಿತ್ರ ಬರೆದಿದ್ದೇವೆ. ಆದರೆ ಟರ್ಮಿನಲ್ ಡಬ್ಬಿಯ ಮುಚ್ಚಳ ತೆಗೆದಾಗ ಕಾಣೋದು ಫೇಸರ್ ಅಲ್ಲ. ಆರು ಬೋಲ್ಟು, ಮೂರು ಹಿತ್ತಾಳೆ ಪಟ್ಟಿ. ಅದನ್ನು ಓದೋದು ಹೇಗೆ ಅಂತ ನೋಡೋಣ.

ಡಬ್ಬಿಯೊಳಗೆ ಏನಿದೆ

ಮೇಲಿನ ಸಾಲಿನಲ್ಲಿ ಯು1, ವಿ1, ಡಬ್ಲ್ಯು1. ಇವು ಮೂರು ವೈಂಡಿಂಗ್‌ಗಳ ಆರಂಭದ ತುದಿಗಳು. ಕೆಳಗಿನ ಸಾಲಿನಲ್ಲಿ ಕೊನೆಯ ತುದಿಗಳಿವೆ, ಆದರೆ ಅದೇ ಕ್ರಮದಲ್ಲಿ ಅಲ್ಲ: ಡಬ್ಲ್ಯು2, ಯು2, ವಿ2. ಒಂದು ಮನೆ ಸರಿಸಿ ಇಟ್ಟಿದ್ದಾರೆ. ಯು1ರ ಕೆಳಗೆ ಯು2 ಇದ್ದಿದ್ದರೆ, ಪಟ್ಟಿಯನ್ನು ನೇರ ಕೆಳಗೆ ಹಾಕಿದಾಗ ಒಂದೇ ವೈಂಡಿಂಗ್‌ನ ಎರಡೂ ತುದಿ ಸೇರಿ ಶಾರ್ಟ್ ಆಗುತ್ತಿತ್ತು. ಈಗ ಸರಿಸಿರೋದರಿಂದ ಒಂದರ ಆರಂಭ ಇನ್ನೊಂದರ ಕೊನೆಗೆ ಸೇರಿ ತ್ರಿಕೋನ ತಾನಾಗಿಯೇ ಮುಚ್ಚಿಕೊಳ್ಳುತ್ತೆ.

ಹಾಗಾಗಿ ನೆನಪಿಡೋದು ಇಷ್ಟೇ. ಕೆಳಗಿನ ಮೂರು ಬೋಲ್ಟುಗಳನ್ನು ಪಟ್ಟಿಯಿಂದ ಅಡ್ಡಲಾಗಿ ಸೇರಿಸಿದರೆ ಸ್ಟಾರ್. ಮೂರು ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ಉದ್ದವಾಗಿ ಹಾಕಿದರೆ ಡೆಲ್ಟಾ. ಎರಡರಲ್ಲೂ ಸಪ್ಲೈ ವೈರು ಮೇಲಿನ ಸಾಲಿಗೇ ಬರುತ್ತೆ.

ಪ್ಲೇಟು ಹೇಳೋದನ್ನು ಕೇಳಬೇಕು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಿರಣಿಯವರು ಲಿಂಗಸುಗೂರಿನಲ್ಲಿ ಒಂದು ಹಳೇ ಮೋಟರ್ ಕೊಂಡು ತಂದು ಎಲಿವೇಟರ್‌ಗೆ ಹಾಕಬೇಕಂತಿದ್ದಾರೆ. ಪ್ಲೇಟಿನ ಮೇಲೆ 1.5 ಕಿಲೋವ್ಯಾಟ್ (ಅಂದರೆ 2 ಎಚ್‌ಪಿ), ಡೆಲ್ಟಾ/ಸ್ಟಾರ್ 240/415 ವೋಲ್ಟ್, 5.9/3.4 ಆಂಪಿಯರ್ ಅಂತಿದೆ. ಇದರ ಅರ್ಥ, ಪ್ರತಿ ವೈಂಡಿಂಗ್ ತಡೆಯೋದು 240 ವೋಲ್ಟ್ ಮಾತ್ರ. ಗಿರಣಿಯಲ್ಲಿ ಫೇಸಿಂದ ಫೇಸಿಗೆ 415 ಇದೆ. ಸ್ಟಾರ್‌ನಲ್ಲಿ ಒಂದು ವೈಂಡಿಂಗ್‌ಗೆ 415 ಭಾಗಿಸು 1.732, ಅಂದರೆ ಸರಿಸುಮಾರು 240 ಸಿಗುತ್ತೆ. ಹಾಗಾದರೆ ಇಲ್ಲಿ ಸ್ಟಾರೇ ಸರಿ, ಓವರ್‌ಲೋಡ್ ರಿಲೇ 3.4ಕ್ಕೆ.

ಅದೇ ಮೋಟರ್‌ಗೆ ಡೆಲ್ಟಾ ಹಾಕಿದರೆ? 240ರ ವೈಂಡಿಂಗ್‌ಗೆ 415 ಬೀಳುತ್ತೆ. ಕೋರ್ ಸ್ಯಾಚುರೇಟ್ ಆಗಿ, ಬೆಲ್ಟು ಬಿಚ್ಚಿಟ್ಟರೂ ಕರೆಂಟು ಪ್ಲೇಟಿನ ಅಂಕಿಯನ್ನು ದಾಟುತ್ತೆ. ಜೋರಾಗಿ ಗುಂಯ್ ಅನ್ನುತ್ತೆ, ಬೇಗನೇ ವಾರ್ನಿಶ್ ವಾಸನೆ ಬರುತ್ತೆ. ಈ ತಪ್ಪು ತಾನೇ ಕೂಗಿ ಹೇಳುತ್ತೆ.

ಇನ್ನೊಂದು ತಪ್ಪು ಸದ್ದಿಲ್ಲದ್ದು. 10 ಎಚ್‌ಪಿ ಮೋಟರ್, ಪ್ಲೇಟಿನಲ್ಲಿ 415 ವೋಲ್ಟ್ ಡೆಲ್ಟಾ. ಅದನ್ನು ಸ್ಟಾರ್‌ನಲ್ಲಿ ಬಿಟ್ಟರೆ ವೈಂಡಿಂಗ್‌ಗೆ ಸಿಗೋದು 240. ಖಾಲಿ ತಿರುಗುವಾಗ ನಯವಾಗಿ, ಕಡಿಮೆ ಕರೆಂಟಿನಲ್ಲಿ ಓಡುತ್ತೆ; ನೋಡಿದವರು ಭೇಷ್ ಅಂತಾರೆ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರೋದರಿಂದ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತೆ. ಭತ್ತ ಬಿದ್ದಾಗ ಸ್ಪೀಡು ಕುಸಿದು, ಕರೆಂಟು ಏರಿ, ನಿಧಾನಕ್ಕೆ ಸುಡುತ್ತೆ. ಅದಕ್ಕೇ ಖಾಲಿ ಓಟ ನೋಡಿ ಕೈಬಿಡಬಾರದು. ಲೋಡ್ ಹಾಕಿ ಮೂರೂ ವೈರಿಗೆ ಕ್ಲಾಂಪ್ ಮೀಟರ್ ಹಿಡಿಯಬೇಕು.

ಅದೇ 1.5 ಕಿಲೋವ್ಯಾಟ್ ಮೋಟರ್‌ಗೆ ಡೆಲ್ಟಾ ಬೇಕಾಗುವ ಸಂದರ್ಭವೂ ಇದೆ. ಮಸ್ಕಿಯ ಒಂದು ಹಿಟ್ಟಿನ ಗಿರಣಿಗೆ ಸಿಂಗಲ್ ಫೇಸ್ ಕನೆಕ್ಷನ್ ಮಾತ್ರ ಇದೆ ಅಂದುಕೊಳ್ಳಿ. ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ಸಣ್ಣ ವಿಎಫ್‌ಡಿ ಹಾಕಬಹುದು. ಆದರೆ ಅದರ ಔಟ್‌ಪುಟ್‌ನಲ್ಲಿ ಫೇಸಿಂದ ಫೇಸಿಗೆ ಸಿಗೋದು ಸುಮಾರು 230 ಮಾತ್ರ. ಆಗ ಪಟ್ಟಿ ಡೆಲ್ಟಾಕ್ಕೆ ತಿರುಗಿಸಿ, ಡ್ರೈವ್‌ನಲ್ಲಿ ಮೋಟರ್ ಕರೆಂಟು 5.9 ಅಂತ ಕೊಡಬೇಕು.

ಉಲ್ಟಾ ತಿರುಗಿದರೆ

ಶಾಫ್ಟಿನ ಕಡೆಯಿಂದ ನೋಡುವಾಗ, ಕೆಂಪು ಯು1ಕ್ಕೆ, ಹಳದಿ ವಿ1ಕ್ಕೆ, ನೀಲಿ ಡಬ್ಲ್ಯು1ಕ್ಕೆ ಬಂದು, ಸಪ್ಲೈ ಕ್ರಮವೂ ಅದೇ ಆಗಿದ್ದರೆ ಮೋಟರ್ ಗಡಿಯಾರದ ದಿಕ್ಕಿಗೆ ತಿರುಗಬೇಕು. ಉಲ್ಟಾ ಮಾಡಲು ಯಾವುದೇ ಎರಡು ಸಪ್ಲೈ ವೈರು ಅದಲು ಬದಲು ಮಾಡಿದರೆ ಸಾಕು. ಮೂರನ್ನೂ ಒಂದೊಂದು ಮನೆ ಸರಿಸಿದರೆ ಕ್ರಮ ಮೊದಲಿನದೇ ಉಳಿಯುತ್ತೆ, ದಿಕ್ಕು ಬದಲಾಗಲ್ಲ. ಪಟ್ಟಿ ಮುಟ್ಟೋದೇ ಬೇಡ.

ಎಲಿವೇಟರ್ ಉಲ್ಟಾ ತಿರುಗಿದರೆ ಕೂಡಲೇ ಗೊತ್ತಾಗುತ್ತೆ. ಬ್ಲೋವರ್ ಹಾಗಲ್ಲ. ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಬರುತ್ತೆ, ಆದರೆ ಕಡಿಮೆ. ಹೊಟ್ಟು ಸರಿಯಾಗಿ ಹಾರುತ್ತಿಲ್ಲ ಅಂತ ಜರಡಿಯನ್ನು ಬೈಯೋ ಮೊದಲು ಬ್ಲೋವರ್ ಮೇಲಿನ ಬಾಣದ ಗುರುತು ನೋಡಬೇಕು.

ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಎಲ್ಲಿ ಬದಲಿಸಬೇಕು

10 ಎಚ್‌ಪಿ ಮೋಟರ್‌ಗೆ ಸ್ಟಾರ್ಟರ್‌ನಿಂದ ಆರು ವೈರು ಬಂದಿರುತ್ತೆ, ಡಬ್ಬಿಯಲ್ಲಿ ಪಟ್ಟಿ ಇರಲ್ಲ. ಇಲ್ಲಿ ಮೋಟರ್ ಹತ್ತಿರ ಯು1, ವಿ1ರ ವೈರು ಮಾತ್ರ ಬದಲಿಸಿದೆವು ಅಂತಿಟ್ಟುಕೊಳ್ಳಿ. ಸ್ಟಾರ್‌ನಲ್ಲಿ ಮೋಟರ್ ಬೇಕಾದ ದಿಕ್ಕಿಗೇ ಹೊರಡುತ್ತೆ. ಟೈಮರ್ ಡೆಲ್ಟಾಕ್ಕೆ ಹಾಕಿದಾಗ ಏನಾಗುತ್ತೆ ಲೆಕ್ಕ ಹಾಕೋಣ. ಡೆಲ್ಟಾ ಕಾಂಟ್ಯಾಕ್ಟರ್ ಡಬ್ಲ್ಯು2ಕ್ಕೆ ಕೆಂಪು, ಯು2ಕ್ಕೆ ಹಳದಿ, ವಿ2ಕ್ಕೆ ನೀಲಿ ಕೊಡುತ್ತೆ. ನಾವು ಬದಲಿಸಿದ್ದರಿಂದ ಯು1ಕ್ಕೂ ಹಳದಿ ಬಂದಿದೆ. ಯು ವೈಂಡಿಂಗ್‌ನ ಎರಡೂ ತುದಿ ಒಂದೇ ಫೇಸಿನಲ್ಲಿ! ಉಳಿದ ಎರಡು ವೈಂಡಿಂಗ್ ಕೆಂಪು ಮತ್ತು ನೀಲಿಯ ನಡುವೆ ನಿಂತಿವೆ. ಅಂದರೆ ಮೋಟರ್ ಈಗ ಸಿಂಗಲ್ ಫೇಸ್‌ನಲ್ಲಿ ಎಳೆಯುತ್ತಿದೆ. ಸ್ಟಾರ್ಟರ್‌ಗೆ ಒಳಬರುವ ಹಳದಿ ವೈರಿಗೆ ಕ್ಲಾಂಪ್ ಹಿಡಿದರೆ ಮೋಟರ್ ಕರೆಂಟು ಇರಲ್ಲ, ಉಳಿದೆರಡರಲ್ಲಿ ವಿಪರೀತ. "ಸ್ಟಾರ್‌ನಲ್ಲಿ ಚೆನ್ನಾಗಿದೆ, ಡೆಲ್ಟಾದಲ್ಲಿ ಟ್ರಿಪ್ ಆಗುತ್ತೆ" ಅಂತ ಯಾರಾದರೂ ಅಂದರೆ ಮೊದಲು ಈ ಅನುಮಾನ ಬರಲಿ.

ಪರಿಹಾರ ಸುಲಭ: ಸ್ಟಾರ್ಟರ್‌ಗೆ ಒಳಬರುವ ಮೂರು ವೈರಿನಲ್ಲಿ ಎರಡನ್ನು ಬದಲಿಸಿ. ಆಗ ಆರೂ ತುದಿಗಳಿಗೆ ಒಟ್ಟಿಗೆ ಕ್ರಮ ಬದಲಾಗುತ್ತೆ. ವಿಎಫ್‌ಡಿಯಲ್ಲಿ ಇದು ತದ್ವಿರುದ್ಧ. ಅದು ಒಳಬಂದ ಕರೆಂಟನ್ನು ಡಿಸಿ ಮಾಡಿ ಮತ್ತೆ ತ್ರೀ ಫೇಸ್ ಕಟ್ಟೋದರಿಂದ ಇನ್‌ಪುಟ್ ಬದಲಿಸಿದರೆ ದಿಕ್ಕು ಬದಲಾಗಲ್ಲ. ಔಟ್‌ಪುಟ್‌ನ ಎರಡು ವೈರು ಬದಲಿಸಬೇಕು, ಇಲ್ಲವೇ ಸೆಟ್ಟಿಂಗ್‌ನಲ್ಲಿ ದಿಕ್ಕು ಬದಲಿಸಬೇಕು.

ಮುಚ್ಚಳ ತೆಗೆಯೋ ಮೊದಲು, ಮುಚ್ಚಿದ ಮೇಲೆ

ಸ್ಟಾರ್ಟರ್‌ನ ಕೆಂಪು ಬಟನ್ ಒತ್ತಿದ್ದು ಸಾಲದು. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡು, ಮೀಟರ್‌ನಲ್ಲಿ ಫೇಸಿಂದ ಫೇಸಿಗೂ, ಫೇಸಿಂದ ಅರ್ಥಿಗೂ ಸೊನ್ನೆ ಅಂತ ನೋಡಬೇಕು. ವಿಎಫ್‌ಡಿ ಆದರೆ ಒಳಗಿನ ಕೆಪಾಸಿಟರ್ ಖಾಲಿಯಾಗಲು ಅದರ ಮೇಲೆ ಬರೆದಷ್ಟು ನಿಮಿಷ ಕಾಯಬೇಕು. ಅರ್ಥ್ ವೈರು ಬಿಚ್ಚಬಾರದು. ಪಟ್ಟಿಯ ನಟ್ಟು ಸಡಿಲ ಬಿಟ್ಟರೆ ಅಲ್ಲೇ ಬಿಸಿಯಾಗಿ ಒಂದು ಫೇಸ್ ಬಿಟ್ಟುಹೋಗುತ್ತೆ, ಹಾಗಾಗಿ ಎಲ್ಲಾ ನಟ್ಟು ಬಿಗಿಯಾಗಿರಲಿ. ಮೊದಲ ಸಲ ಬೆಲ್ಟು ಬಿಚ್ಚಿಟ್ಟು ಒಂದು ಕ್ಷಣ ಮಾತ್ರ ಆನ್ ಮಾಡಿ ದಿಕ್ಕು ನೋಡಿ. ಕೆಲವು ಎಲಿವೇಟರ್‌ಗಳಲ್ಲಿ ಹಿಂದಕ್ಕೆ ತಿರುಗದಂತೆ ತಡೆ ಇರುತ್ತೆ. ಬೆಲ್ಟು ಹಾಕಿಕೊಂಡೇ ಉಲ್ಟಾ ಆನ್ ಮಾಡಿದರೆ ಅದು ಮುರಿಯಬಹುದು. ದಿಕ್ಕು ಸರಿ ಇದ್ದರೆ ಬೆಲ್ಟು ಹಾಕಿ, ಲೋಡ್ ಕೊಟ್ಟು, ಮೂರೂ ವೈರಿನ ಕರೆಂಟನ್ನು ಮುಚ್ಚಳದ ಒಳಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡಿ. ಮುಂದೆ ಡಬ್ಬಿ ತೆಗೆಯುವವರಿಗೆ ಹೋಲಿಸಿ ನೋಡೋಕೆ ಅದೇ ಮೊದಲ ಅಂಕಿ.